ಎರಡು ಪೆಗ್, ಒಂದು ಪ್ಲೇಟ್ ಕಡಲೆಬೀಜ, ಆಮೇಲೆ ಮುದ್ದೆ: ಲೆಕ್ಕ ಹೇಗೆ?

ಕೇಳಿದ್ದು: ಹಾಸನದಲ್ಲಿದ್ದೀನಿ. ಶನಿವಾರ ಸಂಜೆ 60ರ ಎರಡು ವಿಸ್ಕಿ, ಒಂದಕ್ಕೆ ಸೋಡಾ, ಇನ್ನೊಂದಕ್ಕೆ ಕೋಲಾ. ನಂಚಿಕೊಳ್ಳೋಕೆ ಕಡಲೆಬೀಜ, ಕಬಾಬ್. ಮನೆಗೆ ಬಂದು ಮುದ್ದೆ, ಹುರುಳಿ ಸಾರು. ಕ್ಯಾಲೊರಿ ಬರೆಯೋ ಆ್ಯಪ್‌ನಲ್ಲಿ ವಿಸ್ಕಿಗೆ ಕಾರ್ಬ್ 0, ಪ್ರೋಟೀನ್ 0, ಫ್ಯಾಟ್ 0 ಅಂತ ಬರುತ್ತೆ, ಆದ್ರೂ ಕ್ಯಾಲೊರಿ ತೋರಿಸುತ್ತೆ. ರಾತ್ರಿ ಊಟದ ಟೋಟಲ್‌ಗೆ ಇದನ್ನ ಹೇಗೆ ಸೇರಿಸೋದು? ಗೊತ್ತಿರೋರು ಹೇಳಿ.

ಬೇಲೂರು ರಸ್ತೆ: ಆ್ಯಪ್ ತಪ್ಪು ಹೇಳ್ತಿಲ್ಲ ಗುರು. ಆಲ್ಕೋಹಾಲ್ ಆ ಮೂರರಲ್ಲಿ ಯಾವುದೂ ಅಲ್ಲ, ನಾಲ್ಕನೇದು. ಒಂದು ಗ್ರಾಮಿಗೆ 7 ಕ್ಯಾಲೊರಿ. ಸಕ್ಕರೆಗೆ 4, ಎಣ್ಣೆಗೆ 9, ಇದು ನಡುವೆ ನಿಲ್ಲುತ್ತೆ. ಕಾರ್ಬ್, ಪ್ರೋಟೀನ್, ಫ್ಯಾಟ್ ಮೂರನ್ನೂ ಗುಣಿಸಿ ಕೂಡಿಸಿದ್ರೆ ಟೋಟಲ್ ತಾಳೆ ಆಗಲ್ಲ, ಆಗಬಾರದು ಕೂಡ.

ಬಾಟಲ್ ಮೇಲೆ 42.8% ಅಂತ ಇರುತ್ತಲ್ಲ, ಅದು ಅಳತೆಯ ಪರ್ಸೆಂಟ್, ತೂಕದ್ದಲ್ಲ. ಬಹಳ ಜನ ಎಡವೋದು ಇಲ್ಲೇ. 60 ಮಿಲೀಲಿ 42.8% ಅಂದ್ರೆ 25.7 ಮಿಲಿ ಆಲ್ಕೋಹಾಲ್. ಅದನ್ನ ನೇರ 7ರಿಂದ ಗುಣಿಸಿದ್ರೆ 180 ಬರುತ್ತೆ, ತಪ್ಪು. ಆಲ್ಕೋಹಾಲ್ ನೀರಿಗಿಂತ ಹಗುರ, ಮಿಲಿಗೆ 0.789 ಗ್ರಾಂ. ಹಾಗಾಗಿ 20.3 ಗ್ರಾಂ, ಅಂದ್ರೆ 142 ಕ್ಯಾಲೊರಿ. ಇಷ್ಟನ್ನೂ ನೆನಪಿಡೋದು ಬೇಡ ಅಂದ್ರೆ ಇದೊಂದು ಸಾಕು:

```
ಮಿಲಿ × ಪರ್ಸೆಂಟ್ × 0.055 = ಕ್ಯಾಲೊರಿ
60 × 42.8 × 0.055 ≈ 141
```

ರಮ್, ಬ್ರಾಂದಿ, ಜಿನ್ ಎಲ್ಲಕ್ಕೂ ಇದೇ. ನೈಂಟಿಗೆ 213 ಹತ್ತಿರ, ಒಂದು ಕ್ವಾರ್ಟರ್‌ಗೆ 425. ಬಿಯರ್‌ಗೆ ಮಾತ್ರ ಇದರ ಮೇಲೆ ಉಳಿದ ಕಾರ್ಬ್ ಸೇರಿಸಬೇಕು. 650ರ ಬಾಟಲ್, 5% ಇದ್ರೆ ಆಲ್ಕೋಹಾಲ್‌ದೇ 180, ಕಾರ್ಬ್‌ದು ಸುಮಾರು 80.

ಇನ್ನೊಂದು ಎಚ್ಚರ. ಹೊರದೇಶದ ಆ್ಯಪ್‌ಗಳಲ್ಲಿ 'ವಿಸ್ಕಿ, ಒಂದು ಸರ್ವಿಂಗ್' ಅಂದ್ರೆ ಬಹುತೇಕ 44 ಮಿಲಿ, 40%. ಅದು 97 ಕ್ಯಾಲೊರಿ ಅಷ್ಟೇ. ಎರಡು 60 ಕುಡಿದು '2 ಸರ್ವಿಂಗ್' ಒತ್ತಿದ್ರೆ 90 ಕ್ಯಾಲೊರಿ ಮಾಯ. ನಿಮ್ಮದೇ ಹೆಸರಲ್ಲಿ '60 ಮಿಲಿ, 142' ಅಂತ ಹೊಸ ಐಟಂ ಮಾಡಿಟ್ಕೊಳ್ಳಿ, ಮೂರೂ ಕಾಲಮ್ ಸೊನ್ನೆ ಬಿಡಿ.

ಗದ್ದೆ ಬದು: ಇಷ್ಟೆಲ್ಲಾ ಯಾಕಣ್ಣ? ಎಣ್ಣೆ ಕ್ಯಾಲೊರಿ ಬರೀ ಖಾಲಿ ಕ್ಯಾಲೊರಿ. ದೇಹ ಅದನ್ನ ಕೂಡಿಡಕ್ಕೆ ಆಗಲ್ಲ, ಪೂರ್ತಿ ಸುಟ್ಟು ಹಾಕುತ್ತೆ. ಲೆಕ್ಕಕ್ಕೆ ಹಿಡಿಯೋದೇ ಬೇಡ.

ಬೇಲೂರು ರಸ್ತೆ: ಅರ್ಧ ಸರಿ. ಕೂಡಿಡಕ್ಕೆ ಆಗಲ್ಲ ಅನ್ನೋದು ನಿಜ, ಅದಕ್ಕೇ ಲಿವರ್ ಅದನ್ನ ಮೊದಲು ಮುಗಿಸುತ್ತೆ. ಅಷ್ಟು ಹೊತ್ತು ಕೊಬ್ಬು ಕರಗೋದು ನಿಧಾನ ಆಗುತ್ತೆ. ಜೊತೆಗೆ ತಿಂದ ಕಡಲೆಬೀಜದ, ಕಬಾಬ್‌ನ ಎಣ್ಣೆ ಸರದಿಯಲ್ಲಿ ಹಿಂದೆ ನಿಲ್ಲುತ್ತೆ. ವಿಸ್ಕಿ ಹೊಟ್ಟೆಗೆ ಸೇರಲಿಲ್ಲ ಅಂದ್ರೂ ಅದರ ಜಾಗದಲ್ಲಿ ಕಬಾಬ್ ಸೇರಿತು, ಟೋಟಲ್ ಒಂದೇ. ಪಚನಕ್ಕೆ ಖರ್ಚಾಗೋದನ್ನ ಕಳೆದು 7ರ ಬದಲು ಕಡಿಮೆ ಹಿಡೀಬೇಕು ಅನ್ನೋರೂ ಇದ್ದಾರೆ. ಆದ್ರೆ ಅನ್ನಕ್ಕೆ, ಮೊಟ್ಟೆಗೆ ಹಾಗೆ ಕಳೆಯದೆ ಇದಕ್ಕೆ ಮಾತ್ರ ಕಳೆಯೋದು ಸರಿ ಅಲ್ಲ ಅಂತ ನನ್ನ ಅಭಿಪ್ರಾಯ.

ಗದ್ದೆ ಬದು: ಒಪ್ಪಿದೆ, ಅರ್ಧ.

ತಕ್ಕಡಿ ಅಕ್ಕ: ಎಲ್ಲರೂ ಗ್ಲಾಸನ್ನೇ ನೋಡ್ತಿದ್ದೀರಿ, ತಟ್ಟೆ ನೋಡಿ. ಅವರ ಸಂಜೆಯನ್ನ ಸಾಲಾಗಿ ಬರೀತೀನಿ. ಎರಡು ವಿಸ್ಕಿ 284. ಸೋಡಾ ಸೊನ್ನೆ, ಕೋಲಾ 200 ಮಿಲಿ ಸುಮಾರು 85. ಕರಿದ ಮಸಾಲೆ ಕಡಲೆಬೀಜ 50 ಗ್ರಾಂ ಅಂದ್ರೆ 290 ಹತ್ತಿರ. ಬಾರಲ್ಲಿ ಕೊಡೋ ಆ ಚಿಕ್ಕ ಪಿಂಗಾಣಿ ಬಟ್ಟಲು ತುಂಬಾ ಇದ್ರೆ ಅಷ್ಟು ಇದ್ದೇ ಇರುತ್ತೆ, ಮಾತಾಡ್ತಾ ಖಾಲಿಯಾದ್ರೆ ಇನ್ನೊಂದು ಬರುತ್ತೆ. ಕಬಾಬ್ 120 ಗ್ರಾಂ, 300 ಅಂತ ಇಟ್ಕೊಳ್ಳಿ. ಮುದ್ದೆಗೆ 80 ಗ್ರಾಂ ರಾಗಿ ಹಿಟ್ಟು ಹೋಗಿದ್ರೆ 255, ಸಾರು ಒಗ್ಗರಣೆ ಎಲ್ಲ ಸೇರಿ 350. ಒಟ್ಟು 1,300 ದಾಟುತ್ತೆ. ಇದರಲ್ಲಿ ಊಟ ಅನ್ನೋ ಹೆಸರಿನದ್ದು ಬರೀ 350. ಕಡಲೆಬೀಜದ ಒಂದು ಬಟ್ಟಲು ಎರಡೂ ವಿಸ್ಕಿಗೆ ಸಮ!

ಇದರಲ್ಲಿ ನಂಬಿಕೆಗೆ ಅರ್ಹವಾದ ಸಂಖ್ಯೆ ವಿಸ್ಕಿಯದು, ಯಾಕಂದ್ರೆ ಪರ್ಸೆಂಟ್ ಬಾಟಲ್ ಮೇಲಿದೆ. ಕಬಾಬ್‌ದು ಬರೀ ಅಂದಾಜು. ಕಾರ್ನ್‌ಫ್ಲೋರ್ ಎಷ್ಟು ಮೆತ್ತಿದ್ರು, ಎಣ್ಣೆ ಎಷ್ಟು ಕಾದಿತ್ತು ಅನ್ನೋದರ ಮೇಲೆ ಏರುಪೇರಾಗುತ್ತೆ. ಕೈಗೆ, ಟಿಶ್ಯೂಗೆ ಎಣ್ಣೆ ಹತ್ತಿದ್ರೆ 300 ಅಲ್ಲ, 350 ಬರೀರಿ. ಮನೇಲಿ ಸುರಿದುಕೊಳ್ಳೋರಿಗೆ ಒಂದು ಮಾತು: ಅಡುಗೆ ತಕ್ಕಡಿ ಮೇಲೆ ಲೋಟ ಇಟ್ಟು ಸೊನ್ನೆ ಮಾಡಿ ಸುರೀರಿ. 60 ಮಿಲಿ ವಿಸ್ಕಿ 57 ಗ್ರಾಂ ತೂಗುತ್ತೆ. ಸ್ಟೀಲ್ ಲೋಟದಲ್ಲಿ ಕಣ್ಣಳತೆಯ 'ಒಂದು ಪೆಗ್' 80 ಮಿಲಿ ಆದ್ರೂ ಗೊತ್ತಾಗಲ್ಲ.

ಎಸ್ಟೇಟ್ ಕಾಂಪೌಂಡ್: ಚಿಕ್ಕಮಗಳೂರು ಕಡೆ ನಾವು ಮನೇಲೇ ದ್ರಾಕ್ಷಿ ವೈನ್ ಹಾಕ್ತೀವಿ. ಲೇಬಲ್ಲೂ ಇಲ್ಲ, ಪರ್ಸೆಂಟೂ ಗೊತ್ತಿಲ್ಲ. ಅದಕ್ಕೂ ಈ ಸೂತ್ರ ನಡೆಯುತ್ತಾ?

ಬೇಲೂರು ರಸ್ತೆ: ಸೂತ್ರ ಬೇಡ, ಅದಕ್ಕಿಂತ ಸುಲಭ ಇದೆ. ಒಂದು ಗ್ರಾಂ ಸಕ್ಕರೆ ಹುಳಿತಾಗ ಅರ್ಧ ಗ್ರಾಂ ಆಲ್ಕೋಹಾಲ್ ಆಗುತ್ತೆ. ಸಕ್ಕರೆಯಾಗಿದ್ದಾಗ 4 ಕ್ಯಾಲೊರಿ, ಆಲ್ಕೋಹಾಲ್ ಆದಮೇಲೆ 3.6. ಅಂದ್ರೆ ಎಷ್ಟು ಹುಳಿತು ಅನ್ನೋದು ಗೊತ್ತಿಲ್ಲದಿದ್ರೂ ಕ್ಯಾಲೊರಿ ಹೆಚ್ಚುಕಮ್ಮಿ ಅಷ್ಟೇ. ನೀವು ಹಾಕಿದ ಸಕ್ಕರೆಯಿಂದಲೇ ಲೆಕ್ಕ ಹಾಕಿ. 2 ಕೆಜಿ ದ್ರಾಕ್ಷಿಯಲ್ಲಿ ಸುಮಾರು 320 ಗ್ರಾಂ ಸಕ್ಕರೆ, ಮೇಲೆ ಹಾಕಿದ್ದು 1 ಕೆಜಿ, ಸೋಸಿದಾಗ ಸಿಕ್ಕಿದ್ದು 4 ಲೀಟರ್ ಅಂದ್ಕೊಳ್ಳಿ. ಲೀಟರಿಗೆ 330 ಗ್ರಾಂ ಸಕ್ಕರೆ, 1,320 ಕ್ಯಾಲೊರಿ. 150 ಮಿಲಿ ಲೋಟಕ್ಕೆ 200 ಹತ್ತಿರ. ಚರಟದಲ್ಲಿ ಸ್ವಲ್ಪ ಉಳಿಯುತ್ತೆ, ಹಾಗಾಗಿ ಇದು ಮೇಲಿನ ಮಿತಿ.

ಕೆ.ಆರ್.ಪುರಂ ಹಾಸನ: ನಾನು ಶುಗರ್ ಮಾತ್ರೆ ತಗೋತೀನಿ, ಗ್ಲಿಮೆಪಿರೈಡ್. 1,300 ಅಂತ ಗೊತ್ತಾದ್ರೆ ಮುದ್ದೆ ಬಿಟ್ಟು ಮಲಗಿದ್ರೆ ಸರಿಹೋಗುತ್ತಾ?

ತಕ್ಕಡಿ ಅಕ್ಕ: ಬೇಡಿ, ಖಂಡಿತ ಬೇಡಿ. ಕುಡಿದಾಗ ಲಿವರ್ ರಕ್ತಕ್ಕೆ ಸಕ್ಕರೆ ಬಿಡೋ ಕೆಲಸ ಬಿಟ್ಟು ಆಲ್ಕೋಹಾಲ್ ಹಿಂದೆ ಬೀಳುತ್ತೆ. ಮೇಲೆ ಆ ಮಾತ್ರೆ ಶುಗರ್ ಇಳಿಸ್ತಾನೇ ಇರುತ್ತೆ. ಊಟ ಬಿಟ್ಟು ಮಲಗಿದ್ರೆ ನಡುರಾತ್ರಿ ಅಥವಾ ಬೆಳಗ್ಗೆ ಲೋ ಶುಗರ್ ಆಗಬಹುದು. ಬೆವರು, ತೊದಲು ಮಾತು, ತೂರಾಟ ಎಲ್ಲ ಕುಡಿದವರ ಹಾಗೇ ಕಾಣುತ್ತೆ, ಮನೆಯವರು ಅಮಲು ಅಂತ ಮಲಗಿಸಿ ಬಿಡ್ತಾರೆ. ಇನ್ಸುಲಿನ್‌ನವರಿಗೂ ಇದೇ. ಕಡಿಮೆ ಮಾಡೋದಿದ್ರೆ ಕೋಲಾ, ಎರಡನೇ ಬಟ್ಟಲು ಕಡಲೆಬೀಜ ಬಿಡಿ, ಮುದ್ದೆ ಇರಲಿ. ಕುಡಿಯಬಹುದಾ, ಎಷ್ಟು ಅನ್ನೋದನ್ನ ನಿಮ್ಮ ಡಾಕ್ಟರನ್ನೇ ಕೇಳಿ.

ಗದ್ದೆ ಬದು: ಹಾಗಾದ್ರೆ ವಿಸ್ಕಿಯ 284 ಯಾವ ಕೋಟಾದಿಂದ ಕಳೀಬೇಕು? ಕಾರ್ಬ್‌ದಾ, ಫ್ಯಾಟ್‌ದಾ?

ಬೇಲೂರು ರಸ್ತೆ: ನಾನಾದ್ರೆ ಫ್ಯಾಟ್‌ದು. ಕರಿದಿದ್ದು ಹಾಕ್ಕೊಳ್ಳೋಕೆ ಜಾಗ ಇರಲ್ಲ ಅಂತ ಗೊತ್ತಾಗುತ್ತೆ.

ತಕ್ಕಡಿ ಅಕ್ಕ: ನಾನು ಒಪ್ಪಲ್ಲ, ಯಾವ ಕೋಟಾದಿಂದಲೂ ಬೇಡ, ಬರೀ ಟೋಟಲ್‌ಗೆ ಸೇರಿಸಿ. ಕೆಲವರು 142ನ್ನ 4ರಿಂದ ಭಾಗಿಸಿ 36 ಗ್ರಾಂ ಕಾರ್ಬ್ ಅಂತ ತುಂಬುತ್ತಾರೆ. ಟೋಟಲ್ ತಾಳೆಯಾಗುತ್ತೆ ನಿಜ, ಆದ್ರೆ ಮೇಲಿನ ಅಣ್ಣನಂಥ ಶುಗರ್‌ನವರು ಆ ಕಾಲಮ್ ನೋಡಿ ಇಲ್ಲದ ಕಾರ್ಬ್ ತಿಂದೆ ಅಂದ್ಕೊಂಡು ಮುದ್ದೆ ಬಿಡ್ತಾರೆ.