ಅಪ್‌ಡೇಟ್: ತಿರುಗುವ ಡಿಸ್ಕ್‌ನ ಕೊನೆಯ ವೇಗ ಸಿಕ್ಕಿತು

ನನ್ನ ಪ್ರಶ್ನೆ: ω₀ ವೇಗದಲ್ಲಿ ತಿರುಗುತ್ತಿರುವ ಘನ ಡಿಸ್ಕನ್ನು ಒರಟು ನೆಲದ ಮೇಲೆ ನೆಟ್ಟಗೆ ಇಟ್ಟರೆ, ಜಾರುವುದು ನಿಂತು ಉರುಳತೊಡಗಿದಾಗ ಅದರ ವೇಗ ಎಷ್ಟು? ಘರ್ಷಣಾಂಕ μ ಕೊಟ್ಟಿಲ್ಲ.

ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್. μ ಬೇಕಾಗಿಯೇ ಇರಲಿಲ್ಲ! ನೆಲದ ಮೇಲಿನ ಒಂದು ಸ್ಥಿರ ಬಿಂದುವಿನ ಸುತ್ತ ಕೋನೀಯ ಸಂವೇಗ ನೋಡಿದರೆ ಸಾಕು. ಘರ್ಷಣೆ ಆ ಬಿಂದುವಿನ ಮೂಲಕವೇ ಹಾಯುತ್ತದೆ, ಹಾಗಾಗಿ ಅದರ ಟಾರ್ಕ್ ಸೊನ್ನೆ. ತೂಕ ಮತ್ತು ನೆಲದ ಒತ್ತು ಒಂದನ್ನೊಂದು ಸರಿದೂಗಿಸುತ್ತವೆ.

½mR²ω₀ = ½mR²ω + mvR

ಜಾರದೆ ಉರುಳುವಾಗ v = ωR. ಆದ್ದರಿಂದ v = ω₀R/3.

R = 0.1 ಮೀ, ω₀ = 60 ರೇಡಿಯನ್/ಸೆ ಇಟ್ಟು ನೋಡಿದೆ. v = 2 ಮೀ/ಸೆ ಬಂತು. μ = 0.2, g = 10 ಮೀ/ಸೆ² ಆದರೆ ವೇಗ ಹೆಚ್ಚುವ ದರ μg = 2 ಮೀ/ಸೆ². ಅಂದರೆ 1 ಸೆಕೆಂಡ್ ಜಾರುತ್ತದೆ, ಅಷ್ಟರಲ್ಲಿ 1 ಮೀಟರ್ ಮುಂದೆ ಹೋಗಿರುತ್ತದೆ. μ = 0.4 ಆದರೆ ಎರಡೂ ಅರ್ಧವಾಗುತ್ತವೆ, ಕೊನೆಯ ವೇಗ ಮಾತ್ರ ಅದೇ 2 ಮೀ/ಸೆ.

ಶಕ್ತಿ ಉಳಿಯುತ್ತದೆ ಅಂತ ಇಲ್ಲಿ ಬರೆಯುವ ಹಾಗಿಲ್ಲ. ಜಾರುವಾಗ ಘರ್ಷಣೆ ಶಾಖ ಹುಟ್ಟಿಸುತ್ತದೆ ಅಲ್ವಾ? ಮೊದಲು ಇದ್ದದ್ದು mω₀²R²/4, ಕೊನೆಗೆ ಉಳಿದದ್ದು mω₀²R²/12. ಮೂರರಲ್ಲಿ ಎರಡು ಪಾಲು ಹೋಯಿತು. ನೆಲ ಎಷ್ಟೇ ಒರಟಾಗಿದ್ದರೂ ನಷ್ಟ ಇಷ್ಟೇ. ನನಗೆ ಜಾಸ್ತಿ ಹಿಡಿಸಿದ್ದು ಇದೇ.