ಅಪ್‌ಡೇಟ್: ಸಮಾಂತರ ಚತುರ್ಭುಜದ ಸಮಮಿತಿ ರೇಖೆ ಎಷ್ಟು?

ನಾನು ಕೇಳಿದ್ದು: "ಏಳನೇ ಕ್ಲಾಸಿನ ಮಗಳಿಗೆ ಸಮಮಿತಿ ಹೇಳಿಕೊಡುತ್ತಿದ್ದೇನೆ. ಸಮಾಂತರ ಚತುರ್ಭುಜದ ಕರ್ಣ ಅದನ್ನು ಎರಡು ಸಮ ಭಾಗ ಮಾಡುತ್ತದಲ್ವಾ? ಹಾಗಾದರೆ ಅದು ಸಮಮಿತಿ ರೇಖೆ ತಾನೇ?"

ಕತ್ತರಿಸಿ ಮಡಚಿ ನೋಡಿ ಅಂದವರಿಗೆಲ್ಲ ಧನ್ಯವಾದ. ಹಾಗೇ ಮಾಡಿದೆವು. ಕರ್ಣದ ಮೇಲೆ ಮಡಚಿದಾಗ ಒಂದು ಮೂಲೆ ಎದುರಿನ ಮೂಲೆಯ ಮೇಲೆ ಕೂರಲೇ ಇಲ್ಲ, ಪಕ್ಕಕ್ಕೆ ಚಾಚಿಕೊಂಡಿತು. ಅರ್ಧ ಭಾಗಗಳು ಸಮ ಇದ್ದರೆ ಸಾಲದು, ಒಂದರ ಮೇಲೊಂದು ಸರಿಯಾಗಿ ಕೂರಬೇಕು. ಅಡ್ಡ, ಉದ್ದ ಮಡಚಿದರೂ ಅದೇ ಕಥೆ. ಹಾಗಾಗಿ ರೇಖೆ ಸೊನ್ನೆ.

ಆಮೇಲೆ ಅದರ ಅಂಚನ್ನು ಇನ್ನೊಂದು ಹಾಳೆಯಲ್ಲಿ ಗೀಚಿ, ಕರ್ಣಗಳು ಸೇರುವ ಜಾಗಕ್ಕೆ ಗುಂಡುಪಿನ್ ಚುಚ್ಚಿ ತಿರುಗಿಸಿದೆವು. ಒಂದು ಮೂಲೆಗೆ ಪೆನ್ಸಿಲ್ ಗುರುತು ಹಾಕಿದ್ದು ತುಂಬಾ ಉಪಯೋಗಕ್ಕೆ ಬಂತು, ಇಲ್ಲದಿದ್ದರೆ ಸುತ್ತು ಎಲ್ಲಿ ಮುಗಿಯಿತು ಅಂತಲೇ ತಿಳಿಯುವುದಿಲ್ಲ. 180 ಡಿಗ್ರಿಗೆ ಒಮ್ಮೆ, 360ಕ್ಕೆ ಇನ್ನೊಮ್ಮೆ ಗೆರೆಗೆ ಗೆರೆ ಕೂಡಿತು. ಅಂದರೆ ತಿರುಗುವಿಕೆಯ ಕ್ರಮ 2.

ನಿಯಮಿತ ಬಹುಭುಜಗಳಲ್ಲಿ ಈ ಗೊಂದಲ ಇಲ್ಲ. ಎಷ್ಟು ಬಾಹುವೋ ಅಷ್ಟೇ ರೇಖೆ, ಅಷ್ಟೇ ಕ್ರಮ. ಪಂಚಭುಜದಲ್ಲಿ ಪ್ರತಿ ರೇಖೆಯೂ ಮೂಲೆಯಿಂದ ಎದುರಿನ ಬಾಹುವಿನ ನಡುವಿಗೆ ಹೋಗುತ್ತದೆ. ಷಡ್ಭುಜದಲ್ಲಿ ಮೂರು ರೇಖೆ ಮೂಲೆಯಿಂದ ಮೂಲೆಗೆ, ಮೂರು ಬಾಹುವಿನ ನಡುವಿನಿಂದ ನಡುವಿಗೆ. ಈ ಎರಡನೇ ಮೂರನ್ನು ಮಕ್ಕಳು ಬಿಟ್ಟುಬಿಡುವುದೇ ಜಾಸ್ತಿ.

ಮಗಳೇ ಹುಡುಕಿದ ಉದಾಹರಣೆ ಗಾಳಿಪಟದ್ದು, ಚತುರ್ಭುಜದ ಪಾಠದಲ್ಲಿ ಬರುವ ಆಕಾರ. ಅದು ಸಮಾಂತರ ಚತುರ್ಭುಜಕ್ಕೆ ಪೂರ್ತಿ ಉಲ್ಟಾ: ಮಡಚಲು ಒಂದು ರೇಖೆ ಇದೆ, ಆದರೆ ತಿರುಗಿಸಿದರೆ ಪೂರ್ತಿ ಸುತ್ತಿಗೆ ಒಮ್ಮೆ ಮಾತ್ರ ಕೂಡುತ್ತದೆ.