ಸಹಾಯ ಬೇಕು: ನಮ್ಮ ಕರಿಯನನ್ನು ಕಳೆದುಕೊಂಡ ಮನೆಗೆ ಮೆಲುದನಿಯ ಹಾಡುಗಳು

ಎಲ್ಲರಿಗೂ ನಮಸ್ಕಾರ. ಹದಿಮೂರು ವರ್ಷ ಜೊತೆಗಿದ್ದ ನಮ್ಮ ನಾಯಿ ಕರಿಯ ಕಳೆದ ವಾರ ತೀರಿಕೊಂಡ. ಬಸವನಗುಡಿಯ ನಮ್ಮ ಮನೆಯಲ್ಲಿ ಸಂಜೆ ಏಳು ಗಂಟೆ ಕಳೆಯುವುದೇ ಕಷ್ಟವಾಗಿದೆ. ಅದು ಅವನನ್ನು ಸುತ್ತಾಡಿಸುವ ಹೊತ್ತು. ಅಮ್ಮ ಈಗಲೂ ಮೊಳೆಗೆ ನೇತುಹಾಕಿದ ಬೆಲ್ಟಿನತ್ತ ಕೈ ಚಾಚುತ್ತಾರೆ.

ಆ ಹೊತ್ತಿಗೆ ಅಮ್ಮ ಮತ್ತು ಎಂಟು ವರ್ಷದ ಮಗಳು ಒಟ್ಟಿಗೆ ಕೇಳಬಹುದಾದ ನಾಲ್ಕೈದು ಹಾಡುಗಳನ್ನು ದಯವಿಟ್ಟು ತಿಳಿಸಿ. ಬೇಂದ್ರೆಯವರ 'ನೀ ಹೀಂಗ ನೋಡಬ್ಯಾಡ ನನ್ನ' ಹಾಕಿದೆವು. ಮಗುವಿನ ಸಾವಿನ ದುಃಖದಲ್ಲಿ ಹುಟ್ಟಿದ ಕವಿತೆ ಅದು, ಅಮ್ಮನಿಗೆ ತಡೆಯಲಾಗಲಿಲ್ಲ. ಪುಣ್ಯಕೋಟಿಯ ಹಾಡು ಮಗಳಿಗೆ ಇಷ್ಟವೇ, ಆದರೆ ಕೊನೆಗೆ ಹುಲಿ ಪ್ರಾಣ ಬಿಡುವಲ್ಲಿ ಮತ್ತೆ ಕರಿಯನ ಮಾತು ಬರುತ್ತದೆ. ಹಿಡಿಸಿದ್ದು ನೀಲಾಂಬರಿಯ ಆಲಾಪನೆ. ಜೋಗುಳದ ರಾಗವೆಂದೋ ಏನೋ, ಮಗಳು ಅಜ್ಜಿಯ ತೊಡೆಯ ಮೇಲೆ ಹಾಗೆಯೇ ನಿದ್ದೆ ಹೋದಳು.

ಮೊದಲ ಹಾಡು ಅಳುವುದಕ್ಕೆ ಎಡೆ ಕೊಡಲಿ, ಮುಂದಿನವು ನಿಧಾನವಾಗಿ ಸಮಾಧಾನದತ್ತ ಸಾಗಲಿ ಎಂದು ನನ್ನ ಆಸೆ. ಒಮ್ಮೆಲೇ ಲವಲವಿಕೆಯ ಹಾಡು ಹಾಕಿದರೆ ಅಮ್ಮ ಎದ್ದು ಒಳಗೆ ಹೋಗುತ್ತಾರೆ. ತಬಲಾ ಕಡಿಮೆಯಿದ್ದು, ಕೊಳಲು ಅಥವಾ ವೀಣೆ ಇರುವ ಭಾವಗೀತೆ, ದೇವರನಾಮಗಳಿದ್ದರೆ ಒಳ್ಳೆಯದು. ಹಾಡಿನ ಜೊತೆ ಗಾಯಕರ ಹೆಸರನ್ನೂ ಬರೆಯಿರಿ.